ಕೊರೊನಾ ಟೆಸ್ಟ್‌ನ ಪ್ರೈಮರ್ ಮನುಷ್ಯರ ಡಿಎನ್‌ಎಯಲ್ಲೂ ಇದೆಯಂತೆ, ಹೌದಾ? ಪ್ರೈಮರ್ ಮತ್ತು ಅನೀಲಿಂಗ್ ತಾಪಮಾನದ ಲೆಕ್ಕ

2020ರಲ್ಲಿ ಇಂಗ್ಲಿಷ್‌ನಲ್ಲಿ ಹುಟ್ಟಿದ ಒಂದು ಸಂದೇಶ ಆಗಾಗ ಹೊಸ ವೇಷದಲ್ಲಿ ವಾಟ್ಸ್‌ಆ್ಯಪ್‌ಗೆ ಬರುತ್ತಿರುತ್ತದೆ. ಅದರ ಸಾರಾಂಶ ಇಷ್ಟು: "ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಕೊರೊನಾ ಪಿಸಿಆರ್ ಪರೀಕ್ಷೆಯಲ್ಲಿ CTCCCTTTGTTGTGTTGT ಎಂಬ 18 ಅಕ್ಷರಗಳ ಪ್ರೈಮರ್ ಇದೆ. ಇದೇ 18 ಅಕ್ಷರಗಳು ಮನುಷ್ಯರ 8ನೇ ಕ್ರೋಮೋಸೋಮ್‌ನಲ್ಲೂ ಇವೆ. ಅಂದರೆ ಯಾರಿಗೆ ಪರೀಕ್ಷೆ ಮಾಡಿದರೂ ಪಾಸಿಟಿವ್ ಬರುತ್ತದೆ. ಇದು ವಂಚನೆ."

ಈ ಸಂದೇಶದಲ್ಲಿ ಎರಡು ಮಾತು ನಿಜ. ಆ ಪ್ರೈಮರ್ ಇರುವುದು ನಿಜ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸಿದ್ಧಪಡಿಸಿದ ವಿಧಾನದಲ್ಲಿ ಅದು ಇದೆ, ಮತ್ತು ಹಲವು ದೇಶಗಳ ಪ್ರಯೋಗಾಲಯಗಳ ವಿಧಾನಗಳ ಜೊತೆಗೆ ಅದನ್ನೂ ವಿಶ್ವ ಆರೋಗ್ಯ ಸಂಸ್ಥೆ ತನ್ನ ಜಾಲತಾಣದಲ್ಲಿ ಹಾಕಿತ್ತು. ಆ 18 ಅಕ್ಷರಗಳು ನಮ್ಮ 8ನೇ ಕ್ರೋಮೋಸೋಮ್‌ನಲ್ಲಿ ಸಿಗುತ್ತವೆ ಎನ್ನುವುದೂ ನಿಜ. ತಪ್ಪಿರುವುದು ಮೂರನೇ ಮಾತಿನಲ್ಲಿ. ಅರ್ಧ ನಿಜ ಇರುವ ಫಾರ್ವರ್ಡ್‌ಗಳೇ ಹೆಚ್ಚು ದೂರ ಓಡುತ್ತವೆ, ಹಾಗಾಗಿ ಇದನ್ನು "ಸುಳ್ಳು" ಎಂಬ ಒಂದು ಮೊಹರು ಒತ್ತಿ ಬಿಡುವ ಬದಲು ಪ್ರೈಮರ್ ಎಂದರೇನು, ಅದನ್ನು ಹೇಗೆ ಆರಿಸುತ್ತಾರೆ, ಎಷ್ಟು ಬಿಸಿಯಲ್ಲಿ ಅಂಟಿಸುತ್ತಾರೆ ಎಂದು ಇದೇ ಪ್ರೈಮರ್ ಹಿಡಿದುಕೊಂಡು ನೋಡೋಣ.

ಒಂದು ಸ್ಪಷ್ಟನೆ ಮೊದಲೇ ಹೇಳಿಬಿಡುತ್ತೇವೆ. ಆಸ್ಪತ್ರೆಗಳಲ್ಲಿ ನಡೆದದ್ದು ರಿಯಲ್-ಟೈಮ್ ಪಿಸಿಆರ್. ನಾವಿಲ್ಲಿ ವಿವರಿಸುತ್ತಿರುವುದು ಕಾಲೇಜು ಮತ್ತು ಸಂಶೋಧನಾ ಲ್ಯಾಬ್‌ಗಳಲ್ಲಿ ದಿನವೂ ನಡೆಯುವ ಸಾಮಾನ್ಯ ಪಿಸಿಆರ್. ಅದರಲ್ಲಿ ಕೊನೆಗೆ ಜೆಲ್ ಮೇಲೆ ಬ್ಯಾಂಡ್ ನೋಡಿ ಫಲಿತಾಂಶ ಹೇಳುತ್ತಾರೆ. ಪ್ರೈಮರ್‌ನ ಮೂಲ ನಿಯಮಗಳು ಎರಡಕ್ಕೂ ಒಂದೇ.

ಪ್ರೈಮರ್ ಮಾಡುವ ಕೆಲಸವೇನು?

ಡಿಎನ್‌ಎ ಎರಡು ಎಳೆಗಳ ಹೆಣಿಗೆ. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆದ ಉದ್ದನೆಯ ಪಠ್ಯ ಎಂದುಕೊಳ್ಳಿ. ಒಂದು ಎಳೆಯಲ್ಲಿ ಎ ಇದ್ದಲ್ಲಿ ಎದುರಿನ ಎಳೆಯಲ್ಲಿ ಟಿ, ಜಿ ಇದ್ದಲ್ಲಿ ಸಿ. ಪಿಸಿಆರ್ ಯಂತ್ರ ಒಂದೇ ಮೂರು ಹೆಜ್ಜೆಗಳನ್ನು ಮತ್ತೆ ಮತ್ತೆ ಮಾಡುತ್ತದೆ. 95 ಡಿಗ್ರಿಗೆ ಬಿಸಿ ಮಾಡಿ ಎಳೆಗಳನ್ನು ಬಿಡಿಸುತ್ತದೆ. ಆಮೇಲೆ ಸಾಮಾನ್ಯವಾಗಿ 50ರಿಂದ 65 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆಗೆ ತಣಿಸುತ್ತದೆ, ಆಗ ಪ್ರೈಮರ್‌ಗಳು ತಮ್ಮ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತವೆ. ಇದೇ ಅನೀಲಿಂಗ್. ನಂತರ 72 ಡಿಗ್ರಿಯಲ್ಲಿ ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವ ಪ್ರೈಮರ್‌ನ ತುದಿಯಿಂದ ಮುಂದಕ್ಕೆ ಅಕ್ಷರ ಜೋಡಿಸುತ್ತ ಹೋಗುತ್ತದೆ. 95 ಮತ್ತು 72 ಬಹುತೇಕ ಎಲ್ಲ ಪ್ರಯೋಗಗಳಲ್ಲೂ ಹಾಗೇ ಇರುತ್ತವೆ. ತಲೆ ಕೆಡಿಸಿಕೊಳ್ಳಬೇಕಾದ್ದು ನಡುವಿನ ತಾಪಮಾನಕ್ಕೆ ಮಾತ್ರ.

ಕಿಣ್ವಕ್ಕೆ ಖಾಲಿ ಎಳೆಯ ಮೇಲೆ ತಾನಾಗಿ ಶುರುಮಾಡಲು ಬರುವುದಿಲ್ಲ. ಅಂಟಿಕೊಂಡ ಒಂದು ಚಿಕ್ಕ ತುಂಡು ಮೊದಲೇ ಇರಬೇಕು. ಆ ತುಂಡೇ ಪ್ರೈಮರ್. ಅದಕ್ಕೂ ದಿಕ್ಕಿದೆ: ಒಂದು ಕೊನೆ 5' ತುದಿ, ಇನ್ನೊಂದು 3' ತುದಿ. ಕಿಣ್ವ ಜೋಡಿಸುವುದು 3' ತುದಿಯಿಂದ ಮಾತ್ರ. ಈ ಒಂದು ಸಂಗತಿ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಪ್ರೈಮರ್‌ಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಪಾಶ್ಚರ್ ಸಂಸ್ಥೆಯ ಆ ಜೋಡಿ ಹೀಗಿದೆ (ಎರಡನ್ನೂ 5' ಕಡೆಯಿಂದ ಬರೆದಿದೆ):

```
Fw: ATGAGCTTAGTCCTGTTG
Rv: CTCCCTTTGTTGTGTTGT
```

ಮೊದಲನೆಯದು ವೈರಸ್ ಪಠ್ಯದ 12669ನೇ ಅಕ್ಷರದಿಂದ ಶುರುವಾಗಿ ಮುಂದಕ್ಕೆ ನೋಡುತ್ತದೆ. ಎರಡನೆಯದು, ಅಂದರೆ ಫಾರ್ವರ್ಡ್ ಸಂದೇಶದಲ್ಲಿರುವುದು, 12776ನೇ ಅಕ್ಷರದಿಂದ ಶುರುವಾಗಿ ಹಿಂದಕ್ಕೆ ನೋಡುತ್ತದೆ. ಎರಡೂ ಎದುರುಬದುರು ನಿಂತಿವೆ, ನಡುವಿನದೂ ಸೇರಿ ಒಟ್ಟು 108 ಅಕ್ಷರ. ಪಿಸಿಆರ್‌ನಲ್ಲಿ ನಕಲಾಗುವುದು ಈ 108 ಅಕ್ಷರ ಮಾತ್ರ. (ಕೊರೊನಾದ್ದು ಆರ್‌ಎನ್‌ಎ ಆದ್ದರಿಂದ ಮೊದಲು ಅದನ್ನು ಡಿಎನ್‌ಎಗೆ ಬದಲಾಯಿಸುವ ಒಂದು ಹೆಜ್ಜೆ ಹೆಚ್ಚು.)

ಎರಡನೇ ಪ್ರೈಮರ್ ಅನ್ನು ವೈರಸ್‌ನ ಪ್ರಕಟಿತ ಪಠ್ಯದಲ್ಲಿ ಹಾಗೇ ಹುಡುಕಿದರೆ ಸಿಗುವುದಿಲ್ಲ. ಅದು ಎದುರಿನ ಎಳೆಯ ಭಾಷೆಯಲ್ಲಿದೆ. ಹಿಂದಿನಿಂದ ಓದಿ, ಪ್ರತಿ ಅಕ್ಷರದ ಜೊತೆಗಾರನನ್ನು ಬರೆದುಕೊಂಡರೆ ACAACACAACAAAGGGAG ಬರುತ್ತದೆ. ಪಠ್ಯದಲ್ಲಿ ಇರುವುದು ಇದು. ಹೊಸದಾಗಿ ಪ್ರೈಮರ್ ಬರೆಯುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದೂ ಇಲ್ಲೇ. ಎರಡನ್ನೂ ಒಂದೇ ದಿಕ್ಕಿನಲ್ಲಿ ಬರೆದು ಆರ್ಡರ್ ಮಾಡಿದರೆ ಯಾವ ತಾಪಮಾನದಲ್ಲೂ ಬ್ಯಾಂಡ್ ಬರುವುದಿಲ್ಲ.

18 ಅಕ್ಷರ ಹೊಂದುವುದು ಅಷ್ಟು ಅಪರೂಪವೇ?

ಇಲ್ಲ. ಈ ಲೆಕ್ಕವನ್ನು ನಿಮ್ಮ ಫೋನಿನ ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು. ನಾಲ್ಕು ಅಕ್ಷರಗಳಿಂದ 18 ಅಕ್ಷರದ ಪದಗಳನ್ನು ಎಷ್ಟು ಬಗೆಯಲ್ಲಿ ಬರೆಯಬಹುದು? 4 ಅನ್ನು 18 ಸಲ ಗುಣಿಸಿದರೆ ಸುಮಾರು 6,870 ಕೋಟಿ. ಮನುಷ್ಯರ ಜೀನೋಮ್‌ನಲ್ಲಿ ಸುಮಾರು 310 ಕೋಟಿ ಅಕ್ಷರಗಳಿವೆ, ಎರಡೂ ಎಳೆ ಲೆಕ್ಕಕ್ಕೆ ತೆಗೆದುಕೊಂಡರೆ 620 ಕೋಟಿ. 6,870 ಅನ್ನು 620ರಿಂದ ಭಾಗಿಸಿ: ಸುಮಾರು 11. ಅಂದರೆ ಅಕ್ಷರಗಳು ಮನಬಂದಂತೆ ಹರಡಿವೆ ಎಂದುಕೊಂಡರೂ, ಯಾವುದೇ 18 ಅಕ್ಷರದ ಪದ ನಮ್ಮ ಜೀನೋಮ್‌ನಲ್ಲಿ ಆಕಸ್ಮಿಕವಾಗಿ ಸಿಗುವ ಸಾಧ್ಯತೆ ಹನ್ನೊಂದಕ್ಕೆ ಒಂದರಷ್ಟು. ನಿಜದಲ್ಲಿ ಜೀನೋಮ್ ಹಾಗೆ ಮನಬಂದಂತೆ ಹರಡಿಲ್ಲ, ಅದರಲ್ಲಿ ಪುನರಾವರ್ತನೆ ತುಂಬಾ. TTGTTGTGTTGT ರೀತಿಯ ಒಂದೇ ತಾಳದ ಪದಗಳು ಇನ್ನೂ ಸುಲಭವಾಗಿ ಸಿಗುತ್ತವೆ.

ಪ್ರೈಮರ್ ಉದ್ದವನ್ನು ಸಾಮಾನ್ಯವಾಗಿ 18ರಿಂದ 25 ಅಕ್ಷರ ಎಂದು ಹೇಳುವುದರ ಹಿಂದೆ ಇರುವುದೂ ಇದೇ ಲೆಕ್ಕ. 15 ಅಕ್ಷರದ ಪ್ರೈಮರ್ ಮಾಡಿದರೆ ಮನುಷ್ಯರ ಜೀನೋಮ್‌ನಲ್ಲಿ ಅದಕ್ಕೆ ಸರಾಸರಿ ಆರು ಕಡೆ ಜಾಗ ಸಿಗುತ್ತದೆ. 20 ಅಕ್ಷರ ಮಾಡಿದರೆ ಆಕಸ್ಮಿಕ ಹೊಂದಾಣಿಕೆಯ ಸಾಧ್ಯತೆ ಸುಮಾರು 177ಕ್ಕೆ ಒಂದಕ್ಕೆ ಇಳಿಯುತ್ತದೆ. ಹಾಗಾದರೆ 40 ಅಕ್ಷರ ಮಾಡಿಬಿಡಬಾರದೇ ಎಂದರೆ, ಉದ್ದವಾದಷ್ಟೂ ಅದು ತನ್ನ ಮೇಲೆ ತಾನೇ ಮಡಚಿಕೊಳ್ಳುವ ಅವಕಾಶ ಹೆಚ್ಚು, ಅಂಟಿಕೊಳ್ಳುವ ತಾಪಮಾನವೂ ಏರುತ್ತದೆ, ಖರ್ಚೂ ಹೆಚ್ಚು.

ನಮ್ಮ ಅಭಿಪ್ರಾಯ ಕೇಳಿದರೆ, 18 ಅಕ್ಷರ ಸ್ವಲ್ಪ ಚಿಕ್ಕದೇ. ಮನುಷ್ಯರ ಮಾದರಿಯಲ್ಲಿ ಬಳಸುವ ಪ್ರೈಮರ್ ಆದರೆ 20-22 ಇರಲಿ ಎನ್ನುವವರೇ ಹೆಚ್ಚು. ಆದರೆ ಚಿಕ್ಕದಾಗಿರುವುದಕ್ಕೂ ಪರೀಕ್ಷೆ ಸುಳ್ಳಾಗುವುದಕ್ಕೂ ನಡುವೆ ದೊಡ್ಡ ಅಂತರವಿದೆ.

ಒಂದು ಪ್ರೈಮರ್ ಅಂಟಿದರೆ ಏನಾಗುತ್ತದೆ?

8ನೇ ಕ್ರೋಮೋಸೋಮ್‌ಗೆ ಆ ಪ್ರೈಮರ್ ಹೋಗಿ ಅಂಟಿಕೊಂಡಿತು ಎಂದೇ ಇಟ್ಟುಕೊಳ್ಳೋಣ. ಕಿಣ್ವ ಅಲ್ಲಿಂದ ಒಂದು ದಿಕ್ಕಿನಲ್ಲಿ ನಕಲು ಮಾಡುತ್ತದೆ. ಮುಂದಿನ ಸುತ್ತಿನಲ್ಲಿ ಮತ್ತೆ ಮೂಲ ಎಳೆಯಿಂದ ಇನ್ನೊಂದು ನಕಲು. ಆದರೆ ಆದ ನಕಲಿನ ಮೇಲೆ ಅಂಟಿ ವಾಪಸ್ ಬರಲು ಎದುರಿನ ಪ್ರೈಮರ್ ಅಲ್ಲಿಲ್ಲ. ಹಾಗಾಗಿ 35 ಸುತ್ತು ಮುಗಿದರೆ ಒಂದು ಮೂಲ ಎಳೆಗೆ 35 ನಕಲು, ಅಷ್ಟೇ.

ವೈರಸ್‌ನ ಪಠ್ಯದಲ್ಲಿ ಎರಡೂ ಪ್ರೈಮರ್‌ಗೆ ಜಾಗ ಇದೆ. ಅಲ್ಲಿ ಪ್ರತಿ ನಕಲೂ ಮುಂದಿನ ಸುತ್ತಿಗೆ ಅಚ್ಚಾಗುತ್ತದೆ, ಪ್ರತಿ ಸುತ್ತಿನಲ್ಲೂ ಎರಡರಷ್ಟಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ 35 ಸುತ್ತಿಗೆ 2 ಅನ್ನು 35 ಸಲ ಗುಣಿಸಿದಷ್ಟು, ಅಂದರೆ ಸುಮಾರು 3,400 ಕೋಟಿ. ನಿಜವಾದ ಕೊಳವೆಯಲ್ಲಿ ಅಷ್ಟು ಆಗುವುದಿಲ್ಲ, ಆದರೂ 35 ಎಲ್ಲಿ, ಕೋಟಿಗಳೆಲ್ಲಿ! ಜೆಲ್ ಮೇಲೆ ಕಾಣುವುದು ಎರಡನೆಯದು ಮಾತ್ರ.

ಮನುಷ್ಯರ ಡಿಎನ್‌ಎಯಿಂದ ತಪ್ಪು ಬ್ಯಾಂಡ್ ಬರಬೇಕಾದರೆ ಎರಡು ಪ್ರೈಮರ್‌ಗಳೂ ಎದುರಿನ ಎಳೆಗಳ ಮೇಲೆ, ಒಂದಕ್ಕೊಂದು ಮುಖ ಮಾಡಿ, ಕೆಲವು ಸಾವಿರ ಅಕ್ಷರಗಳ ಒಳಗೆ ಅಂಟಬೇಕು. ಒಂದೇ ಪ್ರೈಮರ್ ಎರಡು ಕಡೆ ಹಾಗೆ ಮುಖ ಮಾಡಿ ಅಂಟಿದರೂ ಆದೀತು. ಫಾರ್ವರ್ಡ್ ಸಂದೇಶ ಹೇಳುವುದು ಒಂದು ಪ್ರೈಮರ್‌ನ ಒಂದು ಜಾಗದ ಬಗ್ಗೆ ಮಾತ್ರ. ರಿಯಲ್-ಟೈಮ್ ಪರೀಕ್ಷೆಯಲ್ಲಂತೂ ಎರಡು ಪ್ರೈಮರ್‌ಗಳ ನಡುವೆ ಪ್ರೋಬ್ ಎಂಬ ಮೂರನೇ ತುಂಡು ಕೂಡ ಹೊಂದಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಬೆಳಕೇ ಕಾಣುವುದಿಲ್ಲ.

ಈ ತಾಂತ್ರಿಕ ವಿವರ ಬೇಡ ಎನ್ನುವವರಿಗೆ ಒಂದು ನೇರ ಪ್ರಶ್ನೆ ಸಾಕು. ಮೂಗಿನಿಂದ, ಗಂಟಲಿನಿಂದ ತೆಗೆದ ಪ್ರತಿ ಸ್ವಾಬ್‌ನಲ್ಲೂ ಮನುಷ್ಯರ ಜೀವಕೋಶ ಇದ್ದೇ ಇರುತ್ತದೆ. ಮನುಷ್ಯರ ಡಿಎನ್‌ಎಗೆ ಪಾಸಿಟಿವ್ ಬರುವುದಾದರೆ ನೆಗೆಟಿವ್ ವರದಿ ಯಾರಿಗೂ ಬರುತ್ತಲೇ ಇರಲಿಲ್ಲ.

ಇನ್ನು ತಾಪಮಾನದ ಲೆಕ್ಕ

ಪ್ರೈಮರ್ ಮತ್ತು ಅದರ ಜಾಗ, ಇವುಗಳ ಹಿಡಿತ ಎಷ್ಟು ಬಿಸಿಗೆ ಬಿಡುತ್ತದೆ ಎಂಬುದನ್ನು ಕರಗು ತಾಪಮಾನ ಎನ್ನುತ್ತಾರೆ, ಬರೆಯುವುದು Tm ಎಂದು. ಆ ತಾಪಮಾನದಲ್ಲಿ ಅರ್ಧದಷ್ಟು ಪ್ರೈಮರ್ ಅಂಟಿರುತ್ತದೆ, ಅರ್ಧ ಬಿಟ್ಟಿರುತ್ತದೆ. ಜಿ-ಸಿ ಜೋಡಿಯ ಹಿಡಿತ ಎ-ಟಿ ಜೋಡಿಗಿಂತ ಗಟ್ಟಿ. ಚಿಕ್ಕ ಪ್ರೈಮರ್‌ಗಳಿಗೆ ಬಾಯಿಲೆಕ್ಕದ ಸೂತ್ರ ಇದು:

```
Tm = 2 x (A + T) + 4 x (G + C)
```

ನಮ್ಮ ಪ್ರೈಮರ್‌ನಲ್ಲಿ ಎಣಿಸಿ. ಎ ಒಂದೂ ಇಲ್ಲ, ಟಿ 10, ಜಿ 4, ಸಿ 4. ಹಾಗಾಗಿ 20 ಮತ್ತು 32, ಒಟ್ಟು 52 ಡಿಗ್ರಿ. ಜೊತೆಗಾರ ಪ್ರೈಮರ್‌ನಲ್ಲಿ ಎ 3, ಟಿ 7, ಜಿ 5, ಸಿ 3. ಅದೂ 52 ಡಿಗ್ರಿ. ಇದು ಕಾಕತಾಳೀಯವಲ್ಲ, ಹಾಗೆ ನೋಡಿಯೇ ಆರಿಸುತ್ತಾರೆ. ಒಂದೇ ಕೊಳವೆಯಲ್ಲಿ, ಒಂದೇ ತಾಪಮಾನದಲ್ಲಿ ಎರಡೂ ಕೆಲಸ ಮಾಡಬೇಕಲ್ಲ. ಒಂದರದ್ದು 52, ಇನ್ನೊಂದರದ್ದು 62 ಆಗಿದ್ದರೆ, ಮೊದಲನೆಯದಕ್ಕೆ ಹಿತವಾದ ಬಿಸಿಯಲ್ಲಿ ಎರಡನೆಯದು ಸಿಕ್ಕಸಿಕ್ಕಲ್ಲಿ ಅಂಟುತ್ತದೆ. ಎರಡರ ಅಂತರ 5 ಡಿಗ್ರಿಯೊಳಗೆ ಇರಬೇಕು, 2-3 ಇದ್ದರೆ ಒಳ್ಳೆಯದು.

ಹಳೆಯ ಪಾಠದ ಪ್ರಕಾರ ಚಿಕ್ಕ Tmಗಿಂತ 3ರಿಂದ 5 ಡಿಗ್ರಿ ಕೆಳಗೆ ಅನೀಲಿಂಗ್ ಶುರುಮಾಡಬೇಕು. ಇಲ್ಲಿ ಅದು 47ರಿಂದ 49. ಆದರೆ ಇದನ್ನು ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ ಎಂದುಕೊಳ್ಳಬೇಡಿ. ಪುಸ್ತಕಗಳಲ್ಲಿರುವ ಇನ್ನೊಂದು ಸೂತ್ರ ನೋಡಿ:

```
Tm = 64.9 + 41 x (G + C - 16.4) / N
```

N ಎಂದರೆ ಪ್ರೈಮರ್‌ನ ಉದ್ದ. ಇದೇ ಪ್ರೈಮರ್‌ಗೆ ಇದು ಕೊಡುವ ಉತ್ತರ 45.8 ಡಿಗ್ರಿ. ಒಂದೇ ಪ್ರೈಮರ್, ಎರಡು ಸೂತ್ರ, 6 ಡಿಗ್ರಿ ವ್ಯತ್ಯಾಸ! ಎರಡೂ ಅಂದಾಜುಗಳೇ. ಅಕ್ಷರಗಳು ಯಾವ ಸಾಲಿನಲ್ಲಿವೆ, ದ್ರಾವಣದಲ್ಲಿ ಉಪ್ಪು ಮತ್ತು ಮೆಗ್ನೀಸಿಯಂ ಎಷ್ಟಿದೆ, ಪ್ರೈಮರ್ ಎಷ್ಟು ಹಾಕಿದ್ದೀರಿ ಎಂಬುದನ್ನು ಇವು ಕೇಳುವುದೇ ಇಲ್ಲ. ಮೆಗ್ನೀಸಿಯಂ ಹೆಚ್ಚಾದರೆ ಹಿಡಿತ ಗಟ್ಟಿಯಾಗಿ Tm ಏರುತ್ತದೆ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತವೆ. ಆದ್ದರಿಂದ ಕಿಣ್ವ ಮಾರುವ ಕಂಪನಿಯದೇ ಕ್ಯಾಲ್ಕುಲೇಟರ್ ಇದ್ದರೆ ಅದನ್ನೇ ಬಳಸುವುದು ಮೇಲು, ಅವರ ಬಫರ್‌ನಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುತ್ತದೆ. ಕೆಲವು ಹೊಸ ಕಿಣ್ವಗಳಿಗೆ Tmಗಿಂತ ಕೆಳಗಲ್ಲ, ಮೇಲೆ ಇಡಿ ಎಂದೇ ಕರಪತ್ರದಲ್ಲಿ ಬರೆದಿರುತ್ತದೆ.

ಅಂತಿಮ ಉತ್ತರ ಜೆಲ್‌ನಿಂದ

ಹಾಗಾಗಿ ಲ್ಯಾಬ್‌ನಲ್ಲಿ ಮಾಡುವುದು ಗ್ರೇಡಿಯಂಟ್ ಪಿಸಿಆರ್. ಯಂತ್ರದ ಒಂದು ಬದಿಯ ಕೊಳವೆಗಳಿಗೆ ಕಡಿಮೆ ತಾಪಮಾನ, ಇನ್ನೊಂದು ಬದಿಗೆ ಹೆಚ್ಚು, ನಡುವೆ ಮೆಟ್ಟಿಲು ಮೆಟ್ಟಿಲಾಗಿ. ನಮ್ಮ ಜೋಡಿಗೆ 48ರಿಂದ 60ರವರೆಗೆ ಎಂಟು ಕೊಳವೆ ಇಡಬಹುದು. ಎಲ್ಲದರಲ್ಲೂ ಒಂದೇ ಮಿಶ್ರಣ: ಪ್ರತಿ ಕೊಳವೆಗೆ 25 ಮೈಕ್ರೋಲೀಟರ್, ಮೆಗ್ನೀಸಿಯಂ 1.5 ಮಿಲಿಮೋಲಾರ್, ಪ್ರತಿ ಪ್ರೈಮರ್ 0.2ರಿಂದ 0.5 ಮೈಕ್ರೋಮೋಲಾರ್. ಇವುಗಳ ಜೊತೆಗೆ ಮಾದರಿಯ ಬದಲು ಬರೀ ನೀರು ಹಾಕಿದ ಕೊಳವೆ ಒಂದು. ವೈರಸ್ ಇಲ್ಲದ ಮನುಷ್ಯರ ಡಿಎನ್‌ಎ ಹಾಕಿದ ಕೊಳವೆ ಇನ್ನೊಂದು. ಫಾರ್ವರ್ಡ್ ಸಂದೇಶದ ಪ್ರಶ್ನೆಗೆ ಪ್ರಯೋಗದಿಂದಲೇ ಉತ್ತರ ಕೊಡುವುದು ಈ ಕೊನೆಯ ಕೊಳವೆ.

35 ಸುತ್ತು ಆದಮೇಲೆ ಶೇ 2ರಿಂದ 3ರ ಅಗರೋಸ್ ಜೆಲ್‌ನಲ್ಲಿ ಓಡಿಸುತ್ತಾರೆ. 108 ಅಕ್ಷರ ತುಂಬ ಚಿಕ್ಕ ತುಂಡು, ತೆಳುವಾದ ಜೆಲ್‌ನಲ್ಲಿ ಅದು ಸರಿಯಾಗಿ ಬೇರ್ಪಡುವುದಿಲ್ಲ. ಪಕ್ಕದಲ್ಲಿ ಅಳತೆಗೋಲಿನಂತೆ 100, 200, 300 ಎಂದು ಮೆಟ್ಟಿಲಿರುವ ಲ್ಯಾಡರ್. ನಮ್ಮ ಬ್ಯಾಂಡ್ ಕೆಳಗಿನ 100ರ ಪಕ್ಕದಲ್ಲೇ, ಕೂದಲೆಳೆಯಷ್ಟು ಮೇಲೆ ಕಾಣಬೇಕು.

ಓದುವುದು ಹೀಗೆ. ಕಡಿಮೆ ತಾಪಮಾನದ ಕೊಳವೆಗಳಲ್ಲಿ ಬೇಕಾದ ಬ್ಯಾಂಡ್ ಜೊತೆಗೆ ಬೇಡದ ಬ್ಯಾಂಡ್‌ಗಳು, ಕೆಲವೊಮ್ಮೆ ಉದ್ದಕ್ಕೆ ಬಳಿದಂಥ ಮಸುಕು. ಹಿಡಿತ ಸಡಿಲವಿರುವ ತಪ್ಪು ಜಾಗಗಳೂ ಆ ತಂಪಿನಲ್ಲಿ ನಿಲ್ಲುತ್ತವೆ ಎಂದರ್ಥ. ತಾಪಮಾನ ಏರಿದಂತೆ ಬೇಡದವು ಒಂದೊಂದಾಗಿ ಮಾಯವಾಗುತ್ತವೆ, ಒಂದೇ ಬ್ಯಾಂಡ್ ಉಳಿಯುತ್ತದೆ. ಇನ್ನೂ ಏರಿದರೆ ಅದೂ ಮಂಕಾಗಿ ಹೋಗುತ್ತದೆ. ಆರಿಸಬೇಕಾದ್ದು ಅತಿ ಹೊಳೆಯುವ ಬ್ಯಾಂಡ್ ಇರುವ ತಾಪಮಾನವನ್ನಲ್ಲ. ಒಂದೇ ಬ್ಯಾಂಡ್ ಇದ್ದು, ಅದು ಇನ್ನೂ ಗಟ್ಟಿಯಾಗಿರುವ ಅತಿ ಹೆಚ್ಚಿನ ತಾಪಮಾನವನ್ನು. ಅದಕ್ಕಿಂತ ಒಂದು ಡಿಗ್ರಿ ಕೆಳಗೆ ನಿಂತರೆ ಯಂತ್ರದ ಚಿಕ್ಕಪುಟ್ಟ ಏರುಪೇರೂ ತಡೆಯುತ್ತದೆ. ಸೂತ್ರ ಹೇಳಿದ್ದಕ್ಕಿಂತ ಇದು ಹಲವು ಡಿಗ್ರಿ ಆಚೀಚೆ ಬಂದರೆ ಜೆಲ್ ಹೇಳಿದ್ದನ್ನೇ ನಂಬಬೇಕು.

ನೀರಿನ ಕೊಳವೆಯಲ್ಲಿ ಏನಾದರೂ ಕಂಡರೆ ಅದು ಎಲ್ಲಿದೆ ನೋಡಿ. 100ಕ್ಕಿಂತ ಸಾಕಷ್ಟು ಕೆಳಗೆ, 50ರ ಸುತ್ತಮುತ್ತ ಮಸುಕು ಬ್ಯಾಂಡ್ ಇದ್ದರೆ ಅದು ಪ್ರೈಮರ್ ಡೈಮರ್, ಪ್ರೈಮರ್‌ಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದದ್ದು. 108ರಲ್ಲೇ ಬ್ಯಾಂಡ್ ಇದ್ದರೆ ಅದು ಮಾಲಿನ್ಯ, ಎಲ್ಲೋ ಮಾದರಿ ಸೋರಿ ನೀರಿಗೆ ಸೇರಿದೆ. ಮೊದಲನೆಯದಕ್ಕೆ ತಾಪಮಾನ ಏರಿಸುವುದು ಅಥವಾ ಪ್ರೈಮರ್ ಕಡಿಮೆ ಮಾಡುವುದು ಮದ್ದು. ಎರಡನೆಯದಕ್ಕೆ ತಾಪಮಾನ ಎಷ್ಟು ಬದಲಿಸಿದರೂ ಉಪಯೋಗವಿಲ್ಲ, ಹೊಸ ನೀರು, ಹೊಸ ಪ್ರೈಮರ್ ಬಾಟಲಿ ತೆಗೆಯಬೇಕು.

ಡೈಮರ್ ಆಗುತ್ತದೋ ಇಲ್ಲವೋ ಎಂದು ಕಾಗದದ ಮೇಲೂ ಮೊದಲೇ ನೋಡಬಹುದು. ನಮ್ಮ ಜೋಡಿಯ 3' ತುದಿಯ ಕೊನೆಯ ಐದು ಅಕ್ಷರಗಳು TGTTG ಮತ್ತು GTTGT. ಎರಡರಲ್ಲೂ ಟಿ, ಜಿ ಬಿಟ್ಟು ಬೇರೆ ಅಕ್ಷರವಿಲ್ಲ. ಟಿಗೆ ಬೇಕಾದ್ದು ಎ, ಜಿಗೆ ಬೇಕಾದ್ದು ಸಿ. ಹಾಗಾಗಿ ಈ ತುದಿಗಳು ಒಂದಕ್ಕೊಂದು ಅಂಟಲಾರವು. ಮೊದಲ ಪ್ರೈಮರ್‌ನ ನಡುವೆ AGCT ಎಂಬ, ತನಗೆ ತಾನೇ ಜೋಡಿಯಾಗಬಲ್ಲ ನಾಲ್ಕು ಅಕ್ಷರಗಳಿವೆ. ಆದರೆ ಅವು 3' ತುದಿಯಲ್ಲಿಲ್ಲ, ನಾಲ್ಕೇ ಅಕ್ಷರದ ಹಿಡಿತ 50 ಡಿಗ್ರಿಯಲ್ಲಿ ನಿಲ್ಲುವುದೂ ಇಲ್ಲ. ಹಾಗಾಗಿ ಚಿಂತೆಯಿಲ್ಲ.

ತಾಪಮಾನಕ್ಕೂ ಆಗದ ಕೆಲಸ

ಇಲ್ಲೊಂದು ಸೂಕ್ಷ್ಮ ಇದೆ, ಫಾರ್ವರ್ಡ್‌ಗೆ ಉತ್ತರ ಕೊಡುವವರೂ ಕೆಲವೊಮ್ಮೆ ಇದನ್ನು ತಪ್ಪಾಗಿ ಹೇಳುತ್ತಾರೆ. "ತಾಪಮಾನ ಸರಿಯಾಗಿಟ್ಟರೆ ಪ್ರೈಮರ್ ಮನುಷ್ಯರ ಡಿಎನ್‌ಎಗೆ ಅಂಟುವುದಿಲ್ಲ" ಎನ್ನುವುದು ಈ ಪ್ರಕರಣದಲ್ಲಿ ಸರಿಯಲ್ಲ. ತಾಪಮಾನ ಬೇರ್ಪಡಿಸುವುದು ಒಂದೆರಡು ಅಕ್ಷರ ತಪ್ಪಿರುವ ಜಾಗಗಳನ್ನು. ಹದಿನೆಂಟಕ್ಕೆ ಹದಿನೆಂಟೂ ಹೊಂದುವ ಜಾಗದಲ್ಲಿ ಹಿಡಿತ ವೈರಸ್‌ನಲ್ಲಿ ಇರುವಷ್ಟೇ ಗಟ್ಟಿ, ಅಲ್ಲಿಂದ ಬಿಡಿಸುವ ಬಿಸಿಯಲ್ಲಿ ವೈರಸ್‌ನಿಂದಲೂ ಬಿಟ್ಟುಹೋಗುತ್ತದೆ. ಇಲ್ಲಿ ನಮ್ಮನ್ನು ಕಾಪಾಡುವುದು ತಾಪಮಾನ ಅಲ್ಲ, ಎದುರಿನ ಪ್ರೈಮರ್‌ಗೆ ಹತ್ತಿರದಲ್ಲಿ ಜಾಗ ಇಲ್ಲದಿರುವುದು.

ಅಕ್ಷರ ತಪ್ಪಿದಾಗಲೂ ಎಲ್ಲಿ ತಪ್ಪಿದೆ ಎಂಬುದು ಮುಖ್ಯ. 5' ಕಡೆ ಒಂದು ಅಕ್ಷರ ಹೊಂದದಿದ್ದರೆ ಪಿಸಿಆರ್ ಹೆಚ್ಚಾಗಿ ನಡೆದುಹೋಗುತ್ತದೆ. 3' ತುದಿಯ ಕೊನೆಯ ಅಕ್ಷರವೇ ಹೊಂದದಿದ್ದರೆ ಕಿಣ್ವಕ್ಕೆ ಶುರುಮಾಡಲು ನೆಲೆ ಸಿಗುವುದಿಲ್ಲ, ನಕಲು ತೀರಾ ಕಡಿಮೆಯಾಗುತ್ತದೆ ಅಥವಾ ಆಗುವುದೇ ಇಲ್ಲ. ಅದಕ್ಕೇ ಕೊನೆಯ ಐದರಲ್ಲಿ ಒಂದೆರಡು ಜಿ ಅಥವಾ ಸಿ ಇರಲಿ, ಆದರೆ ಮೂರಕ್ಕಿಂತ ಹೆಚ್ಚು ಬೇಡ ಎನ್ನುತ್ತಾರೆ. ಹೆಚ್ಚಾದರೆ ಆ ತುದಿಯೊಂದೇ ತಪ್ಪು ಜಾಗದಲ್ಲಿ ಹಿಡಿದುಕೊಂಡುಬಿಡುತ್ತದೆ. ನಮ್ಮ ಜೋಡಿಯ ಎರಡೂ ತುದಿಗಳಲ್ಲಿ ಎರಡೆರಡು ಜಿ ಇವೆ.

ಪ್ರೈಮರ್ ವಿಷಯದಲ್ಲಿ ಲ್ಯಾಬ್‌ಗಳು ನಿಜವಾಗಿ ಹೆದರುವುದು ಇದರ ಉಲ್ಟಾ ತೊಂದರೆಗೆ. ವೈರಸ್ ರೂಪಾಂತರಗೊಂಡು ಪ್ರೈಮರ್ ಅಥವಾ ಪ್ರೋಬ್ ಕೂರುವ ಜಾಗವೇ ಬದಲಾದರೆ ಸೋಂಕಿದ್ದೂ ನೆಗೆಟಿವ್ ಬರಬಹುದು. 2020ರ ಕೊನೆಯಲ್ಲಿ ಬ್ರಿಟನ್‌ನಲ್ಲಿ ಆಲ್ಫಾ ತಳಿ ಹರಡಿದಾಗ, ಒಂದು ಬಗೆಯ ಕಿಟ್‌ನಲ್ಲಿ ಎಸ್ ಜೀನ್‌ನ ಭಾಗ ಮಾತ್ರ ಕಾಣದೇ ಹೋಯಿತು. ಆ ಕಿಟ್ ಬೇರೆ ಎರಡು ಜಾಗಗಳನ್ನೂ ನೋಡುತ್ತಿದ್ದುದರಿಂದ ಸೋಂಕು ತಪ್ಪಿಹೋಗಲಿಲ್ಲ. ಬದಲಿಗೆ ಆ ಕೊರತೆಯೇ ಹೊಸ ತಳಿಯ ಗುರುತಾಯಿತು.

ನೀವೇ ನೋಡಬೇಕೆಂದರೆ

ಎನ್‌ಸಿಬಿಐ ಜಾಲತಾಣದಲ್ಲಿ Primer-BLAST ಎಂಬ ಉಚಿತ ಪುಟ ಇದೆ, ಫೋನಿನಲ್ಲೂ ತೆರೆಯುತ್ತದೆ. ಮೇಲೆ ಕೊಟ್ಟ ಎರಡೂ ಪ್ರೈಮರ್‌ಗಳನ್ನು ಅವುಗಳ ಖಾನೆಗಳಲ್ಲಿ ಹಾಕಿ, ಜೀವಿಯ ಖಾನೆಯಲ್ಲಿ Homo sapiens ಎಂದು ಬರೆದು, ಹುಡುಕುವ ಸಂಗ್ರಹವಾಗಿ ಜೀನೋಮ್ ಆಯ್ದುಕೊಳ್ಳಿ. ಫಲಿತಾಂಶ ಬರಲು ಕೆಲವು ನಿಮಿಷ ಹಿಡಿಯುತ್ತದೆ. ಫಾರ್ವರ್ಡ್ ಮಾಡಿದವರು ಬಳಸಿದ್ದು ಸಾದಾ ಬ್ಲಾಸ್ಟ್, ಅದು ಒಂದು ಪದ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಈ ಪುಟ ಎರಡೂ ಪದಗಳು ಎದುರುಬದುರಾಗಿ ಎಷ್ಟು ದೂರದಲ್ಲಿವೆ ಎಂದು ನೋಡುತ್ತದೆ. ಏನಾದರೂ ಸಾಲು ಬಂದರೆ ಮೂರು ಸಂಗತಿ ಗಮನಿಸಿ: ತುಂಡಿನ ಉದ್ದ ಎಷ್ಟು, ಎಷ್ಟು ಅಕ್ಷರ ಹೊಂದಿಲ್ಲ, ಹೊಂದದ ಅಕ್ಷರಗಳು 3' ತುದಿಯ ಹತ್ತಿರ ಇವೆಯೇ. ಪುಟದಲ್ಲಿ ಹೊಂದಿದ ಅಕ್ಷರದ ಜಾಗದಲ್ಲಿ ಚುಕ್ಕೆ ಇರುತ್ತದೆ, ಹೊಂದದ ಕಡೆ ಅಕ್ಷರವನ್ನೇ ಬರೆದಿರುತ್ತಾರೆ.